ವಕೀಲರು ನಮ್ಮ ಹತ್ತಿರ ಕ್ಲೈಂಟ್ ಕಳಿಸುವುದು ಯಾವಾಗ?

"ಸರ್, ಊರಿನಲ್ಲಿ ಹೊಸದಾಗಿ ಟ್ಯಾಕ್ಸ್ ಆಫೀಸು ತೆರೆದಿದ್ದೇನೆ. ವಕೀಲರು, ಪತ್ರ ಬರಹಗಾರರು, ಬ್ಯಾಂಕಿನವರು ಎಲ್ಲರಿಗೂ ಕಾರ್ಡ್ ಕೊಟ್ಟು ಬಂದೆ. ಆರು ತಿಂಗಳಾಯ್ತು, ಒಬ್ಬರೂ ಒಬ್ಬ ಕ್ಲೈಂಟನ್ನೂ ಕಳಿಸಿಲ್ಲ. ಕಮಿಷನ್ ಕೊಟ್ಟರೆ ಕಳಿಸ್ತಾರಾ?"

ಕಮಿಷನ್ ಬೇಡ. ವಕೀಲರಲ್ಲದವರ ಜೊತೆ ಫೀ ಹಂಚಿಕೊಳ್ಳುವ ಯಾವ ಏರ್ಪಾಟನ್ನೂ ವಕೀಲರು ಮಾಡಿಕೊಳ್ಳಬಾರದು ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಇದೆ. ನೀವು ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರೆ 1949ರ ಕಾಯ್ದೆಯ ಪ್ರಕಾರ ನೀವೂ ಹೊರಗಿನವರಿಗೆ ಫೀಸಿನಲ್ಲಿ ಪಾಲು ಕೊಡುವಂತಿಲ್ಲ. ಆ ಪದವಿ ಇಲ್ಲದ ಟ್ಯಾಕ್ಸ್ ಪ್ರಾಕ್ಟೀಷನರ್ ಆಗಿದ್ದರೂ ಎದುರಿಗಿರುವ ವಕೀಲರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಇನ್ನೊಂದು ಕಾರಣವೂ ಇದೆ. ದುಡ್ಡು ತಗೊಂಡು ಕಳಿಸಿದ್ದಾರೆ ಎನ್ನುವುದು ಕ್ಲೈಂಟಿಗೆ ಒಂದು ಸಲ ಗೊತ್ತಾದರೆ, ಆ ವಕೀಲರು ಮುಂದೆ "ಇವರು ಒಳ್ಳೆಯವರು, ಹೋಗಿ ನೋಡಿ" ಎಂದು ಎಷ್ಟು ಸಲ ಹೇಳಿದರೂ ಆ ಮಾತಿಗೆ ಬೆಲೆ ಇರುವುದಿಲ್ಲ. ನಿಮಗೆ ಬೇಕಾಗಿರುವುದೇ ಆ ಮಾತಿನ ತೂಕ.

ಕಾರ್ಡ್ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದನ್ನು ಮೊದಲು ನೋಡೋಣ. ಕಾರ್ಡಿನ ಮೇಲೆ "ಜಿಎಸ್‌ಟಿ, ಐಟಿ ರಿಟರ್ನ್, ಟಿಡಿಎಸ್, ಪ್ರಾಜೆಕ್ಟ್ ರಿಪೋರ್ಟ್" ಎಂದು ಇರುತ್ತದೆ. ವಕೀಲರ ಮುಂದೆ ಕೂತ ಮನುಷ್ಯ "ನನಗೆ ಟಿಡಿಎಸ್ ಸಮಸ್ಯೆ ಇದೆ" ಎಂದು ಹೇಳಿಕೊಂಡು ಬರುವುದಿಲ್ಲ. ಅವನು ಬರುವುದು ಸೈಟಿನ ಕ್ರಯಪತ್ರ ಬರೆಸಲು. ಅವನಿಗೆ ತೆರಿಗೆಯ ತೊಡಕಿದೆ ಎನ್ನುವುದು ಅವನಿಗೂ ಗೊತ್ತಿಲ್ಲ, ವಕೀಲರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ, ನೀವು ಅವರ ಕ್ಲೈಂಟನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂದು ಗೊತ್ತಿಲ್ಲದೆ ಕಳಿಸಲು ಅವರಿಗೆ ಅಳುಕು. ಇಪ್ಪತ್ತು ವರ್ಷದಿಂದ ಬರುತ್ತಿರುವ ಮನೆತನವನ್ನು ಆರು ತಿಂಗಳ ಪರಿಚಯದವರ ಕೈಗೆ ಯಾರೂ ಸುಮ್ಮನೆ ಒಪ್ಪಿಸುವುದಿಲ್ಲ. ಹಾಗಾಗಿ ನೀವು ಎರಡು ಕೆಲಸ ಮಾಡಬೇಕು. ನಿಮ್ಮ ಅಗತ್ಯ ಬೀಳುವ ಗಳಿಗೆ ಅವರ ಕಣ್ಣಿಗೆ ಕಾಣುವಂತೆ ಮಾಡಬೇಕು, ಮತ್ತು ಕಳಿಸಿದ ಮೇಲೆ ಏನಾಗುತ್ತದೆ ಎನ್ನುವುದರಲ್ಲಿ ಅವರಿಗೆ ಅನುಮಾನ ಉಳಿಯಬಾರದು.

ಐವತ್ತು ಜನರ ಪರಿಚಯ ಬೇಡ, ಐದು ಜನ ಸಾಕು. ಅವರನ್ನು ಆರಿಸುವಾಗ "ಇವರಿಗೆ ಎಷ್ಟು ಕ್ಲೈಂಟುಗಳಿದ್ದಾರೆ" ಎಂದು ನೋಡಬೇಡಿ, "ನನಗಿಂತ ಎಷ್ಟು ದಿನ ಮುಂಚೆ ಇವರು ಕ್ಲೈಂಟನ್ನು ನೋಡುತ್ತಾರೆ" ಎಂದು ನೋಡಿ. ಆಸ್ತಿ ವ್ಯವಹಾರದಲ್ಲಿ ಸೇಲ್ ಅಗ್ರಿಮೆಂಟ್ ಬರೆಯುವ ವಕೀಲರು ನೋಂದಣಿಗೆ ಎರಡು ಮೂರು ತಿಂಗಳು ಮೊದಲೇ ಎರಡೂ ಕಡೆಯವರನ್ನು ನೋಡಿರುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರು ನೋಡುವುದು ಹೆಚ್ಚೆಂದರೆ ವಾರದ ಮುಂಚೆ. ಗೃಹಸಾಲದ ಏಜೆಂಟರು ಇವರಿಬ್ಬರ ನಡುವೆ. ತೆರಿಗೆಯಲ್ಲಿ ಸರಿಪಡಿಸಬಹುದಾದದ್ದೆಲ್ಲ ನೋಂದಣಿಗೆ ಮುಂಚೆಯೇ ಇರುವುದರಿಂದ ಅಗ್ರಿಮೆಂಟ್ ಬರೆಯುವ ವಕೀಲರಿಂದಲೇ ಶುರು ಮಾಡಿ.

ಹೋಗುವಾಗ ಕೆಲಸ ಕೇಳಿಕೊಂಡು ಹೋಗಬೇಡಿ, ಕೆಲಸ ತಗೊಂಡು ಹೋಗಿ. ನಿಮ್ಮ ರಿಟರ್ನ್ ಕ್ಲೈಂಟುಗಳಲ್ಲಿ ಪೌತಿ ಖಾತೆ ಆಗದ ಜಮೀನು, ಬರೆಯದೆ ಬಾಕಿ ಇರುವ ವಿಭಾಗಪತ್ರ, ಬಾಡಿಗೆದಾರರ ತಕರಾರು ಇದ್ದೇ ಇರುತ್ತವೆ. ಅಂಥ ಒಂದನ್ನು, ಕ್ಲೈಂಟಿನ ಒಪ್ಪಿಗೆ ಪಡೆದು, ನೀವೇ ಮೊದಲು ಕಳಿಸಿ. ಭೇಟಿಗೆ ಇಪ್ಪತ್ತು ನಿಮಿಷ ಸಾಕು. ಕೋರ್ಟು ಇಲ್ಲದ ಹೊತ್ತು, ಅಂದರೆ ಸಂಜೆ ಚೇಂಬರಿಗೆ ಬರುವ ಸಮಯ ಕೇಳಿಕೊಂಡು ಹೋಗಿ. "ಸರ್, ಯಾವ ಥರದ ಕೇಸು ನೀವು ತಗೊಳ್ತೀರಿ, ಯಾವುದನ್ನ ತಗೊಳ್ಳಲ್ಲ?" ಎಂದು ಕೇಳಿ. ವಿಭಾಗದ ದಾವೆ ನಡೆಸುವವರು ಎಸಿ ಕೋರ್ಟಿನ ರೆವಿನ್ಯೂ ಅಪೀಲು ಮುಟ್ಟದೆ ಇರಬಹುದು. ಇದು ಗೊತ್ತಿಲ್ಲದೆ ಕಳಿಸಿದರೆ ಅವರಿಗೂ ಮುಜುಗರ, ಕ್ಲೈಂಟಿಗೂ ಎರಡು ಸಲ ಓಡಾಟ. ಮೊದಲ ಸಮಾಲೋಚನೆಗೆ ಎಷ್ಟು ಫೀ ಎನ್ನುವುದನ್ನೂ ಕೇಳಿಟ್ಟುಕೊಳ್ಳಿ. ಕ್ಲೈಂಟು ನಿಮ್ಮನ್ನು ಮೊದಲು ಕೇಳುವುದೇ ಅದನ್ನು.

ಈಗ ಮುಖ್ಯ ವಿಷಯ. ನಿಮ್ಮ ಸೇವೆಗಳ ಪಟ್ಟಿಯ ಬದಲು, ಅರ್ಧ ಹಾಳೆಯಲ್ಲಿ ಮೂರು ಪ್ರಶ್ನೆ ಬರೆದು ಕೊಡಿ. ಒಂದು, ಒಟ್ಟು ಬೆಲೆ ಅಥವಾ ಗೈಡೆನ್ಸ್ ವ್ಯಾಲ್ಯೂ 50 ಲಕ್ಷ ಅಥವಾ ಮೇಲಿದೆಯೇ? ಎರಡು, ಮಾರುವವರಲ್ಲಿ ಯಾರಾದರೂ ವಿದೇಶದಲ್ಲಿದ್ದಾರೆಯೇ? ಮೂರು, ಮಾರುವ ಎಲ್ಲರ ಪ್ಯಾನ್ ಆಧಾರ್‌ಗೆ ಜೋಡಣೆ ಆಗಿದೆಯೇ? ಇವನ್ನು ಕೇಳಲು ವಕೀಲರಿಗೆ ತೆರಿಗೆ ಕಾನೂನು ಗೊತ್ತಿರಬೇಕಿಲ್ಲ. ಮೊದಲ ಎರಡರ ಉತ್ತರ ಸಾಮಾನ್ಯವಾಗಿ ಅವರ ಮೇಜಿನ ಮೇಲಿರುವ ಕಾಗದದಲ್ಲೇ ಇರುತ್ತದೆ, ಮೂರನೆಯದನ್ನು ಮಾರುವವರನ್ನೇ ಕೇಳಿದರಾಯಿತು.

ಒಂದು ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಿ. ಮೈಸೂರಿನಲ್ಲಿ ತಂದೆ ಬಿಟ್ಟುಹೋದ ಸೈಟು, ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಬೆಲೆ 72 ಲಕ್ಷ, ತಲಾ 24 ಲಕ್ಷ. ತಂಗಿ ಮದುವೆಯಾಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಅಣ್ಣನಿಗೆ ಜಿಪಿಎ ಕಳಿಸಿದ್ದಾಳೆ, ಸಹಿ ಹಾಕುವುದೆಲ್ಲ ಅವನೇ. ಕೊಳ್ಳುವವರು "ಒಬ್ಬೊಬ್ಬರದು 50 ಲಕ್ಷಕ್ಕಿಂತ ಕಮ್ಮಿ, ಟಿಡಿಎಸ್ ಇಲ್ಲ" ಎಂದುಕೊಂಡಿದ್ದಾರೆ. ಈ ಲೆಕ್ಕ ಹಳೆಯದು. 2024ರ ಅಕ್ಟೋಬರ್ 1ರಿಂದ ಎಲ್ಲ ಮಾಲೀಕರ ಪಾಲು ಸೇರಿಸಿ ನೋಡಬೇಕು. ಹಾಗಾಗಿ ಅಣ್ಣತಮ್ಮಂದಿರಿಗೆ ಕೊಡುವ ಹಣದಲ್ಲಿ ಶೇ. 1, ಅಂದರೆ ತಲಾ 24,000 ಹಿಡಿಯಲೇಬೇಕು. ಇಬ್ಬರಲ್ಲಿ ಒಬ್ಬನ ಪ್ಯಾನ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ದರ ಶೇ. 20ಕ್ಕೆ ಏರುತ್ತದೆ, 24,000 ಇದ್ದದ್ದು 4,80,000 ಆಗುತ್ತದೆ. ಹಿಡಿಯದೆ ಬಿಟ್ಟರೆ ನೋಟಿಸು ಬರುವುದು ಕೊಂಡವರಿಗೆ.

ತಂಗಿಯ ಪಾಲು ಬೇರೆಯೇ ಕಥೆ. ಅನಿವಾಸಿಗೆ ಕೊಡುವ ಹಣಕ್ಕೆ 50 ಲಕ್ಷದ ಮಿತಿಯೂ ಇಲ್ಲ, ಶೇ. 1ರ ದರವೂ ಇಲ್ಲ. ದೀರ್ಘಾವಧಿ ಲಾಭಕ್ಕೆ ಶೇ. 12.5, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 13. ಲಾಭ ಎಷ್ಟು ಎನ್ನುವುದಕ್ಕೆ ಇಲಾಖೆಯ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ ಹಣದ ಮೇಲೆ ಹಿಡಿಯುತ್ತಾರೆ, ಅಂದರೆ 3,12,000. ಆಕೆ ಲಾಭವನ್ನು ಆರು ತಿಂಗಳೊಳಗೆ ತೆರಿಗೆ ಉಳಿಸುವ ಬಾಂಡಿನಲ್ಲಿ ಹಾಕುವವಳಿದ್ದರೂ ಈ ಹಣ ರಿಟರ್ನ್ ಸಲ್ಲಿಸಿ ರೀಫಂಡ್ ಬರುವವರೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಬರಲು ವಾರಗಳೇ ಹಿಡಿಯುತ್ತವೆ. ಅಗ್ರಿಮೆಂಟಿನ ಹೊತ್ತಿಗೆ ಗೊತ್ತಾದರೆ ಸಮಯ ಇದೆ, ನೋಂದಣಿಯ ಹಿಂದಿನ ದಿನ ಗೊತ್ತಾದರೆ ನೀವಾದರೂ ಏನು ಮಾಡಬಲ್ಲಿರಿ?

ಇಷ್ಟಕ್ಕೂ ಸುಳಿವು ವಕೀಲರ ಕೈಯಲ್ಲೇ ಇತ್ತು: ವಿದೇಶದಿಂದ ಬಂದ ಆ ಜಿಪಿಎ. ಸಹಿ ಹಾಕುವವನು ಇಲ್ಲಿಯವನೇ ಆದ್ದರಿಂದ ಮಾಲೀಕಳು ಇಲ್ಲಿಲ್ಲ ಎನ್ನುವುದು ಮರೆತುಹೋಗುತ್ತದೆ. ಆದ್ದರಿಂದ ಅರ್ಧ ಹಾಳೆಯ ಎರಡನೆಯ ಪ್ರಶ್ನೆಯ ಕೆಳಗೆ "ವಿದೇಶದಿಂದ ಬಂದ ಜಿಪಿಎ ಕಂಡರೆ ಅಗ್ರಿಮೆಂಟಿಗೆ ಮೊದಲೇ ಒಂದು ಫೋನ್" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಹತ್ತು ಸಲ ಕಾಫಿ ಕುಡಿಸಿದ್ದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ತರುತ್ತದೆ, ಯಾಕೆಂದರೆ ಅದು ವಕೀಲರನ್ನೂ ಕಾಪಾಡುತ್ತದೆ. ನಾಳೆ ನೋಟಿಸು ಬಂದಾಗ ಕೊಂಡವರು ಮೊದಲು ಓಡಿಬರುವುದು ಅವರ ಬಳಿಗೇ.

ಫೋನ್ ಬಂತು ಅಂದುಕೊಳ್ಳಿ. ಇಲ್ಲಿಂದ ಮುಂದೆ ಕೆಡುವುದೇ ಹೆಚ್ಚು. "ನನ್ನ ನಂಬರ್ ಕೊಟ್ಟಿರಿ, ಅವರೇ ಮಾಡಲಿ" ಎಂದರೆ ಅರ್ಧ ಜನ ಮಾಡುವುದೇ ಇಲ್ಲ. ಕ್ಲೈಂಟಿನ ಒಪ್ಪಿಗೆ ಪಡೆದು ಮೂವರಿಗೂ ಒಂದೇ ವಾಟ್ಸ್ಆ್ಯಪ್ ಸಂದೇಶ ಹಾಕುವಂತೆ ವಕೀಲರನ್ನು ಕೇಳಿಕೊಳ್ಳಿ. ಯಾರು, ಯಾವ ವಿಷಯ, ನೋಂದಣಿ ಯಾವತ್ತು, ಇಷ್ಟು ಸಾಕು. ಪ್ಯಾನ್, ಜಿಪಿಎ, ಕ್ರಯಪತ್ರದ ಕರಡು ಯಾವುದೂ ಆ ಗುಂಪಿನಲ್ಲಿ ಬರಬಾರದು, ಕ್ಲೈಂಟು ನಿಮಗೆ ನೇರವಾಗಿ ಕಳಿಸಲಿ. ಅದೇ ದಿನ ನೀವೇ ಕ್ಲೈಂಟಿಗೆ ಫೋನ್ ಮಾಡಿ, ಕೆಲಸಕ್ಕೆ ಮೊದಲು ಫೀ ಎಷ್ಟು ಎಂದು ಹೇಳಿಬಿಡಿ. ವಕೀಲರು ಕಳಿಸಿದ್ದಾರೆ ಎಂದರೆ ಪುಕ್ಕಟೆ ಎಂದುಕೊಂಡು ಬರುವವರು ಬಹಳ. ಕೊನೆಗೆ ಬಿಲ್ ನೋಡಿ ಬೇಜಾರಾದರೆ ಆ ಬೇಜಾರು ಹೋಗಿ ಮುಟ್ಟುವುದು ವಕೀಲರಿಗೆ.

ಕೆಲಸ ನಡೆಯುವಾಗ ಕರಡಿನಲ್ಲಿ ತಪ್ಪು ಕಂಡರೆ, ಉದಾಹರಣೆಗೆ ಟಿಡಿಎಸ್ ಕಳೆದು ಎಷ್ಟು ಹಣ ಸಂದಾಯ ಎಂದು ಬರೆದಿಲ್ಲದಿದ್ದರೆ, ಕ್ಲೈಂಟಿನ ಎದುರು ಬಾಯಿ ಬಿಡಬೇಡಿ. ವಕೀಲರಿಗೆ ಫೋನ್ ಮಾಡಿ, ಸೇರಿಸಬೇಕಾದ ಸಾಲನ್ನು ಬರೆದು ಕಳಿಸಿ, ತಿದ್ದುವುದು ಅವರೇ ತಿದ್ದಲಿ. "ಬಾಡಿಗೆ ಕರಾರು ನೀವೇ ಬರೆದುಕೊಡಿ ಸಾರ್" ಎಂದು ಕ್ಲೈಂಟು ಕೇಳಿದರೆ ವಾಪಸ್ ವಕೀಲರ ಹತ್ತಿರ ಕಳಿಸಿ. ಐನೂರು ರೂಪಾಯಿಯ ಆ ಕೆಲಸ ನೀವು ಮಾಡಿದ್ದು ಅವರಿಗೆ ಗೊತ್ತಾಗದೆ ಇರುವುದಿಲ್ಲ.

ಮಾರುವವರ ವಕೀಲರೂ ಕೊಳ್ಳುವವರ ವಕೀಲರೂ ನಿಮ್ಮ ಐವರಲ್ಲೇ ಇರಬಹುದು. ಸಣ್ಣ ಊರಿನಲ್ಲಿ ಇದು ಸಾಮಾನ್ಯ. ಇಬ್ಬರೂ ಒಂದೇ ವ್ಯವಹಾರಕ್ಕೆ ನಿಮ್ಮನ್ನು ಕರೆದರೆ, ಮೊದಲು ಕರೆದವರ ಕಡೆ ನಿಲ್ಲಿ, ಇನ್ನೊಬ್ಬರಿಗೆ ಅದೇ ದಿನ ತಿಳಿಸಿ ಬೇರೆ ಪ್ರಾಕ್ಟೀಷನರ್ ಹೆಸರು ಕೊಡಿ. ಎಷ್ಟು ಹಿಡಿಯಬೇಕು ಎನ್ನುವಲ್ಲಿ ಇಬ್ಬರ ಹಿತ ಎದುರುಬದುರು. ಹೆಚ್ಚು ಹಿಡಿದರೆ ಕೊಳ್ಳುವವರು ನಿಶ್ಚಿಂತೆ, ಕಡಿಮೆ ಹಿಡಿದರೆ ಮಾರುವವರಿಗೆ ಅನುಕೂಲ. ಇನ್ನು ಸೈಟಿನ ಹಣದಲ್ಲಿ ಒಂದು ಭಾಗ ನಗದಾಗಿ ಕೊಡುವ ಮಾತು ಬಂದರೆ ಯಾವ ಕಡೆಯವರಾದರೂ ಕೆಲಸ ಬಿಡಿ. ಆಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡಕ್ಕೆ ದಾರಿಯಾಗುತ್ತದೆ. ಬಿಟ್ಟಿರುವ ಸಂಗತಿಯನ್ನು ಕಳಿಸಿದ ವಕೀಲರಿಗೆ ಹೇಳಿ, ಕಾರಣವನ್ನು ಕ್ಲೈಂಟೇ ಹೇಳಿಕೊಳ್ಳಲಿ.

ಕೆಲಸ ಮುಗಿದ ದಿನ ವಕೀಲರಿಗೆ ಒಂದೇ ಸಾಲು: "ಸರ್, ನೀವು ಕಳಿಸಿದ ಸೈಟಿನ ಕೆಲಸ ಆಯ್ತು, ನೋಂದಣಿಗೆ ನಮ್ಮ ಕಡೆಯಿಂದ ಅಡ್ಡಿ ಇಲ್ಲ." ಕ್ಲೈಂಟಿನ ಆದಾಯ, ತೆರಿಗೆ, ಬ್ಯಾಂಕ್ ಬಾಕಿ ಒಂದೂ ಅದರಲ್ಲಿ ಬರಬಾರದು. ಈ ಸಾಲು ಹೋಗದೆ ಇದ್ದರೆ ಕ್ಲೈಂಟು ಏನಾದ ಎಂದು ವಕೀಲರೇ ಅವನನ್ನು ಕೇಳಬೇಕಾಗುತ್ತದೆ, ಮುಂದಿನ ಸಲ ಅವರು ಕಳಿಸುವುದಿಲ್ಲ. ಕಳಿಸುವುದು ನಿಂತುಹೋದ ಕಡೆಯೆಲ್ಲ ನಾನು ಮೊದಲು ವಿಚಾರಿಸುವುದು ಇದನ್ನೇ.

ಒಂದು ನೋಟ್‌ಬುಕ್ಕಿನಲ್ಲಿ ಐದು ಹೆಸರಿಗೆ ಐದು ಪುಟ ಇಡಿ. ಯಾರು ಕಳಿಸಿದರು, ಯಾವತ್ತು, ಫೋನ್ ಮಾಡಿದ್ದು ಯಾವತ್ತು, ಮುಗಿದ ಸಾಲು ಹೋಯಿತೇ, ನಾನು ಅವರಿಗೆ ಕಳಿಸಿದ್ದೇನು. ಆರು ತಿಂಗಳಿಗೊಮ್ಮೆ ತಿರುವಿ ಹಾಕಿ. ಅವರು ಮೂರು ಕಳಿಸಿ ನೀವು ಒಂದೂ ಕಳಿಸದೆ ಇದ್ದರೆ ಗಾಬರಿಯಾಗಿ ಯಾವುದೋ ಬಾಕಿಗಾರನನ್ನು ತಳ್ಳಬೇಡಿ. ಫೀ ಕೊಡದವನನ್ನು ಕಳಿಸುವುದಕ್ಕಿಂತ ಯಾರನ್ನೂ ಕಳಿಸದಿರುವುದು ವಾಸಿ. ಅದರ ಬದಲು ಅವರು ಕೇಳುವ ಸಣ್ಣ ತೆರಿಗೆ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಕೊಡಿ, ಬಜೆಟ್ ಬಂದಾಗ ದರ ಬದಲಾಗಿದ್ದರೆ ಆ ಅರ್ಧ ಹಾಳೆಯನ್ನು ಹೊಸದಾಗಿ ಬರೆದು ಏಪ್ರಿಲ್ ಮೊದಲ ವಾರದಲ್ಲಿ ಅವರ ಮೇಜಿನ ಮೇಲೆ ಇಟ್ಟು ಬನ್ನಿ. ಹಳೆಯ ಹಾಳೆಯನ್ನು ಕೇಳಿ ವಾಪಸ್ ತಗೊಳ್ಳಿ, ತಪ್ಪು ದರ ನಿಮ್ಮ ಹೆಸರಿನಲ್ಲಿ ಅಲ್ಲಿ ಉಳಿಯಬಾರದು.