ಆಳದಲ್ಲಿ ಸಿಕ್ಕ ನಾಣ್ಯ

ಪುರಾತತ್ವ ವಿಭಾಗ ಅಂದ ಕೂಡಲೇ ನನಗೆ ನೆನಪಾಗುವುದು ಉತ್ಖನನ ಶಿಬಿರದ ಒಂದು ಗುಂಡಿ.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಓದಿಕೊಂಡೇ ಹೋಗಿದ್ದೆವು. ಅಗೆಯುತ್ತಾ ಮೇಲಿನಿಂದ ಪದರಗಳಿಗೆ ನಂಬರ್ ಕೊಟ್ಟೆವು. ಒಂದು, ಮೇಲ್ಮಣ್ಣು. ಎರಡು, ಬಡಿದು ಗಟ್ಟಿ ಮಾಡಿದ ಮನೆಯ ನೆಲ. ಮೂರು, ಬೂದಿ ಬೆರೆತ ಮಣ್ಣು. ಮಡಕೆ ಚೂರು ಜಾಸ್ತಿ ಸಿಕ್ಕಿದ್ದು ಇದರಲ್ಲೇ. ಅದರ ಕೆಳಗೆ ಮನುಷ್ಯರು ಮುಟ್ಟದ ಸಹಜ ಮಣ್ಣು. ಆ ಸಹಜ ಮಣ್ಣಿನ ಮಟ್ಟದಲ್ಲಿ ಒಂದು ನಾಣ್ಯ ಕಾಣಿಸಿತು. ಚೂರುಗಳಿಗಿಂತ ಆಳದಲ್ಲಿದೆ, ಅಂದಮೇಲೆ ಅವುಗಳಿಗಿಂತ ಹಳೆಯದು ಅಲ್ವಾ?

ಮೇಷ್ಟ್ರು ಉತ್ತರ ಹೇಳಲಿಲ್ಲ. ನಾವು ಅಗೆದ ಟ್ರೆಂಚಿನ ಗೋಡೆಯನ್ನು ಕರಣೆಯಿಂದ ಹೆರೆದು, ನೀರು ಚಿಮುಕಿಸಿ, "ಈಗ ನೋಡಿ" ಎಂದರು. ಒದ್ದೆ ಗೋಡೆಯಲ್ಲಿ ಬಟ್ಟಲಿನಂಥ ಒಂದು ಗೆರೆ ಎದ್ದು ಬಂತು. ಒಳಗಿನ ಮಣ್ಣು ಕಪ್ಪು, ಕರಣೆಗೆ ಮೆತ್ತಗೆ. ಹೊರಗಿನದು ಗಟ್ಟಿ. ಯಾರೋ ಗುಂಡಿ ತೋಡಿ ಮತ್ತೆ ಮುಚ್ಚಿದ್ದರು.

ಇಲ್ಲಿ ಆಳ ಅಳೆದು ಪ್ರಯೋಜನವಿಲ್ಲ. ಗುಂಡಿಯ ಬಾಯಿ ಎಲ್ಲಿದೆ ಎಂದು ಹುಡುಕಬೇಕು. ಮನೆಯ ನೆಲ ಗುಂಡಿಯ ಮೇಲೆ ಮುರಿಯದೆ ಹಾಸಿಕೊಂಡಿದ್ದರೆ ಗುಂಡಿ ನೆಲಕ್ಕಿಂತ ಹಳೆಯದು. ನಮ್ಮಲ್ಲಿ ನೆಲ ಎರಡೂ ಬದಿ ಕತ್ತರಿಸಿದಂತೆ ನಿಂತಿತ್ತು, ಮೇಲ್ಮಣ್ಣು ಮಾತ್ರ ಅಖಂಡವಾಗಿ ಹಾದುಹೋಗಿತ್ತು. ಅಂದರೆ ನೆಲ ಹಾಕಿದ ಮೇಲೆ ತೋಡಿದ ಗುಂಡಿ. ನಾಣ್ಯ ಅದರೊಳಗೆ ಬಿದ್ದದ್ದು ಇನ್ನೂ ಆಮೇಲೆ.

ಆದರೂ ನಾಣ್ಯ ಹೇಳುವುದು ಒಂದೇ ಮಾತು: ನನ್ನನ್ನು ಅಚ್ಚು ಹಾಕುವ ಮೊದಲು ಈ ಗುಂಡಿ ಮುಚ್ಚಿರಲಿಲ್ಲ. ಎಷ್ಟು ವರ್ಷದ ನಂತರ ಮುಚ್ಚಿತು ಎಂದು ಅದು ಹೇಳಲಾರದು. ಹಳೇ ನಾಣ್ಯವೂ ಕೈಯಿಂದ ಕೈಗೆ ಓಡಾಡುತ್ತಿರುತ್ತದಲ್ಲ! ಅದೇ ಗುಂಡಿಯಲ್ಲಿ ಮೂರನೇ ಪದರದಂಥ ಚೂರುಗಳೂ ಇದ್ದವು. ತೋಡಿದಾಗ ಮೇಲೆ ಬಂದ ಹಳೆಯ ಮಣ್ಣೇ ಮುಚ್ಚುವಾಗ ಒಳಗೆ ಹೋಗಿರುತ್ತದೆ. ಅದಕ್ಕೇ ಗುಂಡಿಯ ವಸ್ತುಗಳನ್ನು ಬೇರೆ ಚೀಲದಲ್ಲೇ ಹಾಕಬೇಕು. ಪಕ್ಕದ ಪದರದ ಚೀಲಕ್ಕೆ ಸೇರಿಸಿದರೆ ಆ ಪದರವೇ ಸುಮ್ನೆ ಹೊಸದಾಗಿಬಿಡುತ್ತದೆ. ಇಲಿ ಬಿಲ, ಮರದ ಬೇರು ಮಾಡುವ ಕಿತಾಪತಿಯೂ ಇದೇ. ಆದರೆ ಅವು ಕಿರಿದಾಗಿ, ಅಂಕುಡೊಂಕಾಗಿ ಇರುವುದರಿಂದ ಕಣ್ಣಿಗೆ ಬೇಗ ಬೀಳುವುದಿಲ್ಲ.

ಸಂಜೆ ಹ್ಯಾರಿಸ್ ಮ್ಯಾಟ್ರಿಕ್ಸ್ ಬರೆದೆವು. 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ ನಕ್ಷೆ ಅದು. ಪ್ರತಿ ಪದರಕ್ಕೂ ಒಂದು ಚೌಕ, ಹಳೆಯದು ಕೆಳಗೆ, ಹೊಸದು ಮೇಲೆ, ನಡುವೆ ಗೆರೆ. ಗುಂಡಿಗೆ ಎರಡು ಚೌಕ ಬೇಕು ಎಂದರು ಮೇಷ್ಟ್ರು: ತೋಡಿದ್ದಕ್ಕೆ ಒಂದು, ತುಂಬಿದ್ದಕ್ಕೆ ಒಂದು. "ಖಾಲಿ ಜಾಗಕ್ಕೂ ನಂಬರಾ ಸಾರ್?" ಎಂದು ಗೆಳೆಯ ನಕ್ಕ. ತೋಡಿದ್ದೂ ಒಂದು ಕೆಲಸ ತಾನೇ, ಅದೂ ಸರದಿಯಲ್ಲಿ ಬರಬೇಕು ಎಂದರು. ಹಾಗೆ ನಮ್ಮ ಹಾಳೆಯಲ್ಲಿ ಕೆಳಗಿನಿಂದ ಸಹಜ ಮಣ್ಣು, ಬೂದಿ ಮಣ್ಣು, ನೆಲ, ತೋಡು, ತುಂಬು, ಮೇಲ್ಮಣ್ಣು ಸಾಲಾಗಿ ನಿಂತವು. ಎಲ್ಲಕ್ಕಿಂತ ಆಳದಲ್ಲಿ ಸಿಕ್ಕ ನಾಣ್ಯ ಮೇಲಿನಿಂದ ಎರಡನೇ ಚೌಕಕ್ಕೆ ಹೋಯಿತು.