ಹನ್ನೊಂದು ವರ್ಷದಿಂದ ಅದೇ ತಪ್ಪು

"ಅಮ್ಮ, ನೀನು ಯಾಕೆ ಯಾವಾಗ್ಲೂ ಅದೇ ತಪ್ಪು ಮಾಡ್ತೀಯ? ಬೇರೆ ತಪ್ಪು ಮಾಡೋಕೆ ಬರಲ್ವಾ?"

ಕಳೆದ ವಾರ ಮೆಟ್ಟಿಲು ಹತ್ತುವಾಗ ಏಳು ವರ್ಷದ ಮಗಳು ಕೇಳಿದಳು. ಕೆಳಗೆ ಅವಳ ಗೆಳತಿಯ ಅಮ್ಮ ಸಿಕ್ಕಿದ್ದರು. ಇವತ್ತು ನಾನು ಬರೋದು ತಡ ಆಗುತ್ತೆ ಅಂತ ಅವರಿಗೆ ಹೇಳಿದ್ದೆ. ಸರಿ ಅಂದರು, ನಕ್ಕರು, ಹೋದರು. ನನ್ನ ಕಿವಿಗೆ ಯಾವ ತಪ್ಪೂ ಬಿದ್ದಿರಲಿಲ್ಲ. ಜರ್ಮನಿಗೆ ಬಂದು ಹನ್ನೊಂದು ವರ್ಷ ಆಯಿತು. ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ಯಾವ ದೊಡ್ಡವರೂ ಕೇಳಿರಲಿಲ್ಲ.

ನಾನು ಹೇಳಿದ್ದು 'ಹೊಯ್ಟೆ ಇಷ್ ಕೊಮ್ಮೆ ಷ್ಪೇಟ್'. ಇವತ್ತು, ನಾನು, ಬರ್ತೀನಿ, ತಡವಾಗಿ. ಹೇಳಬೇಕಿದ್ದದ್ದು 'ಹೊಯ್ಟೆ ಕೊಮ್ಮೆ ಇಷ್ ಷ್ಪೇಟ್'. ಇವತ್ತು, ಬರ್ತೀನಿ, ನಾನು, ತಡವಾಗಿ. ಜರ್ಮನ್ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೇ ಸೀಟು ರಿಸರ್ವ್. ಮೊದಲ ಸೀಟಿನಲ್ಲಿ 'ನಾನು' ಕೂತರೆ ಗಲಾಟೆ ಇಲ್ಲ. 'ಇವತ್ತು', 'ನಾಳೆ', 'ಆಮೇಲೆ' ಯಾವುದಾದರೂ ಬಂದು ಟವೆಲ್ ಹಾಕಿ ಆ ಸೀಟು ಹಿಡಿದರೆ 'ನಾನು' ಎದ್ದು ಕ್ರಿಯಾಪದದ ಆಚೆ ಹೋಗಿ ಕೂರಬೇಕು. ಅಷ್ಟೇ ನಿಯಮ.

ಈ ನಿಯಮ ನನಗೆ ಗೊತ್ತು. ಬಿ1 ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಪಾಸಾಗಿದ್ದೇನೆ. ಹೊಸದಾಗಿ ಊರಿಂದ ಬಂದವರಿಗೆ ಹೇಳಿಕೊಟ್ಟೂ ಇದ್ದೇನೆ. ಆದರೆ ಬಾಯಿ ತೆರೆದರೆ 'ನಾನು' ಎದ್ದು ಜಾಗ ಬಿಡುವುದೇ ಇಲ್ಲ.

ಆ ರಾತ್ರಿ ಸ್ವಲ್ಪ ಬೇಜಾರಾಯಿತು. ಮರುದಿನ ಹಟ ಬಂತು. ಫೋನಿನಲ್ಲಿ ಜರ್ಮನ್ ಮಾತಾಡುವಾಗ ಪಕ್ಕದಲ್ಲಿ ಟ್ಯಾಬ್ ಇಟ್ಟು ನನ್ನ ಧ್ವನಿಯನ್ನಷ್ಟೇ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಕೂತು ಕೇಳಿದೆ. ನಮ್ಮ ಧ್ವನಿ ನಾವೇ ಕೇಳುವುದು ಒಂದು ಶಿಕ್ಷೆ, ಅದು ಬೇರೆ ವಿಷಯ. 'ಇವತ್ತು, ನಾಳೆ, ಆಮೇಲೆ' ಅಂತ ಶುರುವಾದ ಮಾತು ಹನ್ನೊಂದು ಇದ್ದವು. ಏಳು ತಪ್ಪು, ನಾಲ್ಕು ಸರಿ. ಪರವಾಗಿಲ್ಲ ಅಂದುಕೊಂಡು ಆ ನಾಲ್ಕನ್ನು ಮತ್ತೆ ಕೇಳಿದೆ. ಎರಡು ಸಲ 'ಡಾನ್ ಗೇಯೆನ್ ವೀರ್', ಅಂದರೆ 'ಹಂಗಾದ್ರೆ ಹೋಗೋಣ'. ಎರಡು ಸಲ 'ಯೆಟ್ಸ್ಟ್ ಮುಸ್ ಇಷ್', 'ಈಗ ನಾನು...ಬೇಕು'. ಇವೆರಡನ್ನೂ ಬಂದ ಮೊದಲ ವರ್ಷ ಇಡಿಯಾಗಿ ಕೇಳಿ, ಇಡಿಯಾಗಿ ಬಾಯಿಪಾಠ ಮಾಡಿಕೊಂಡಿದ್ದೆ. ಅಂದರೆ ಅಲ್ಲಿ ನಿಯಮ ಕೆಲಸ ಮಾಡುತ್ತಿರಲಿಲ್ಲ, ಪ್ಯಾಕೆಟ್ ಹಾಗೇ ಹೊರಗೆ ಬರುತ್ತಿತ್ತು. ನಾನೇ ಕಟ್ಟಿದ ಒಂದೊಂದು ಮಾತೂ ತಪ್ಪು.

ಇದು ಕನ್ನಡದ ಪ್ರಭಾವ ಅಂತ ಹೇಳಿ ಮುಗಿಸಬಹುದಿತ್ತು. 'ಇವತ್ತು ನಾನು' ನಮ್ಮ ಮಾತಿನ ಸಹಜ ಕ್ರಮ. ಇಂಗ್ಲಿಷ್ ಕೂಡ ಅದೇ ಕಡೆ ಎಳೆಯುತ್ತದೆ. ಆದರೆ 1970ರ ದಶಕದ ಕೊನೆಯಲ್ಲಿ ವುಪ್ಪರ್ಟಾಲ್ ವಿಶ್ವವಿದ್ಯಾಲಯದ ಸಂಶೋಧಕರು ಇಟಲಿ, ಸ್ಪೇನ್, ಪೋರ್ಚುಗಲ್‌ನಿಂದ ಇಲ್ಲಿಗೆ ಕೆಲಸಕ್ಕೆ ಬಂದವರ ಮಾತನ್ನು ರೆಕಾರ್ಡ್ ಮಾಡಿ ನೋಡಿದರು. ಅವರೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಜರ್ಮನ್ ಕಲಿಯುತ್ತಿದ್ದರು. ನನ್ನ 'ಹೊಯ್ಟೆ ಇಷ್' ಆ ದಾರಿಯಲ್ಲಿ ಎಲ್ಲರಿಗೂ ಸಿಗುವ ಒಂದು ಸ್ಟಾಪ್. ಕೆಲವರು ದಾಟಿ ಮುಂದೆ ಹೋದರು. ಕೆಲವರು ಅಲ್ಲೇ ಇಳಿದುಬಿಟ್ಟರು.

ಲ್ಯಾರಿ ಸೆಲಿಂಕರ್ ಅನ್ನುವ ಭಾಷಾವಿಜ್ಞಾನಿ 1972ರಲ್ಲಿ ಇದಕ್ಕೆ ಹೆಸರಿಟ್ಟರು. ಕಲಿಯುವವರ ಮಾತು ಮಾತೃಭಾಷೆಯೂ ಅಲ್ಲ, ಕೆಟ್ಟ ಜರ್ಮನ್ನೂ ಅಲ್ಲ. ಅದಕ್ಕೇ ಒಂದು ವ್ಯಾಕರಣ ಇರುತ್ತದೆ ಅಂದರು. ಅದು ಇಂಟರ್‌ಲ್ಯಾಂಗ್ವೇಜ್, ನಮ್ಮಲ್ಲಿ ನಡುಭಾಷೆ ಅನ್ನಬಹುದು. ಅದರಲ್ಲಿ ಕೆಲವು ತುಣುಕು ಎಷ್ಟು ವರ್ಷ ಆದರೂ ಕದಲುವುದಿಲ್ಲ. ಅದಕ್ಕೆ ಅವರು ಕೊಟ್ಟ ಹೆಸರು ಫಾಸಿಲೈಸೇಷನ್, ಪಳೆಯುಳಿಕೆ ಆಗುವುದು. ಹೋಯಿತು ಅಂದುಕೊಂಡ ತಪ್ಪು ಹೊಸ, ಕಷ್ಟದ ವಿಷಯದ ಮೇಲೆ ಗಮನ ಇದ್ದಾಗ, ಗಾಬರಿಯಾದಾಗ, ಇಲ್ಲವೇ ತುಂಬಾ ಆರಾಮವಾಗಿದ್ದಾಗ ವಾಪಸ್ ಬರುತ್ತದೆ ಅನ್ನುವುದನ್ನೂ ಅವರು ಗಮನಿಸಿದ್ದರು. ಮಗಳು ಹೇಳಿದ್ದು ಇದನ್ನೇ. ಸುಮ್ನೆ ಬಾಯಿ ಜಾರಿದ ತಪ್ಪಾಗಿದ್ದರೆ ದಿನಕ್ಕೊಂದು ತರ ಇರುತ್ತಿತ್ತು. ದಿನಾ ಅದೇ ಬರುತ್ತಿದೆ ಅಂದರೆ ಅದು ನನ್ನ ಜರ್ಮನ್‌ನ ನಿಯಮವೇ ಆಗಿಬಿಟ್ಟಿದೆ.

ಜನರ ಜೊತೆ ಜಾಸ್ತಿ ಬೆರೆತರೆ ಸರಿಹೋಗುತ್ತೆ ಅನ್ನುತ್ತಾರೆ. ಇಲ್ಲಿ ಅಮೆರಿಕದ ಪ್ಯಾಟಿ ನೆನಪಾಗುತ್ತಾಳೆ. ಅದು ಅಧ್ಯಯನದಲ್ಲಿ ಅವಳಿಗೆ ಇಟ್ಟ ಹೆಸರು. ಮನೆಮಾತು ಚೈನೀಸ್, ಬೆಳೆದದ್ದು ಇಂಡೊನೇಷ್ಯಾದಲ್ಲಿ. ಡೊನ್ನಾ ಲಾರ್ಡಿಯೆರ್ ಅನ್ನುವ ಸಂಶೋಧಕಿ ಅವಳ ಇಂಗ್ಲಿಷನ್ನು ರೆಕಾರ್ಡ್ ಮಾಡಲು ಶುರುಮಾಡಿದಾಗ ಅವಳು ಅಮೆರಿಕಕ್ಕೆ ಬಂದು ಹತ್ತು ವರ್ಷವಾಗಿತ್ತು. ಭೂತಕಾಲ ಬೇಕಾದ ಕಡೆ ಅವಳು ಅದನ್ನು ಹಾಕಿದ್ದು ನೂರಕ್ಕೆ ಸುಮಾರು 34 ಸಲ. ಹೆಚ್ಚುಕಡಿಮೆ ಒಂಬತ್ತು ವರ್ಷ ಬಿಟ್ಟು ಮತ್ತೆ ರೆಕಾರ್ಡ್ ಮಾಡಿದರು. ಆಗಲೂ ಸುಮಾರು 34. ಆ ವರ್ಷಗಳಲ್ಲಿ ಅವಳ ಬದುಕು ಪೂರ್ತಿ ಇಂಗ್ಲಿಷ್‌ನಲ್ಲೇ ನಡೆದಿತ್ತು. ಇನ್ನೂ ವಿಚಿತ್ರ ಅಂದರೆ 'ಹಿ', 'ಹಿಮ್' ತರದ ಸರ್ವನಾಮಗಳಲ್ಲಿ ಅವಳು ಒಂದು ಸಲವೂ ಎಡವುತ್ತಿರಲಿಲ್ಲ. ಭಾಷೆ ಇಡಿಯಾಗಿ ನಿಂತುಹೋಗುವುದಿಲ್ಲ. ಒಂದು ಮೂಲೆ ಮಾತ್ರ ನಿಲ್ಲುತ್ತದೆ. ನನ್ನದೂ ಹಾಗೇ. 'ಯಾಕಂದ್ರೆ' ಅನ್ನುವ 'ವೈಲ್' ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗಬೇಕು. ಇಂಗ್ಲಿಷ್‌ನವರು ಅಲ್ಲಿ ಒದ್ದಾಡುತ್ತಾರೆ. ನಮಗೆ ಅದು ತವರುಮನೆ, ಕನ್ನಡದ ಕ್ರಿಯಾಪದ ಇರುವುದೇ ಕೊನೆಯಲ್ಲಿ. ಅದನ್ನು ನಾನು ತಪ್ಪುವುದಿಲ್ಲ.

ಇದನ್ನೆಲ್ಲ ಯೋಚಿಸುವಾಗ ಹಾಸನದ ಬಟ್ಟೆ ಅಂಗಡಿ ಸೇಟು ನೆನಪಾದರು.

ಮಾರವಾಡಿಯವರು. ನಾನು ಹುಟ್ಟುವ ಮೊದಲೇ ನಮ್ಮ ಬೀದಿಗೆ ಬಂದವರು. ಪಟಪಟ ಕನ್ನಡ ಮಾತಾಡುತ್ತಿದ್ದರು. ಚೌಕಾಸಿಗೆ ನಿಂತರೆ ನಮ್ಮಮ್ಮನನ್ನೇ ಸುಮ್ಮನಾಗಿಸುತ್ತಿದ್ದರು. ಆದರೆ ಅವರ ಕನ್ನಡದಲ್ಲಿ ಎಲ್ಲರೂ 'ಬಂತು'. "ನಿಮ್ಮ ಅಪ್ಪ ಬಂತು, ದುಡ್ಡು ಕೊಡ್ತು, ಹೋಯ್ತು." ಹವ್ಯಕರ ಮನೆಯಲ್ಲಿ ಹೆಂಗಸರಿಗೆ 'ಬಂತು' ಅನ್ನುವ ರೂಢಿ ಉಂಟು, ನಮ್ಮ ಕಡೆಯ ಹಳ್ಳಿಗಳಲ್ಲೂ ಕೇಳಿದ್ದೇನೆ. ಸೇಟು ಮಾತ್ರ ಡಿಸಿ ಸಾಹೇಬರಿಗೂ 'ಬಂತು' ಅನ್ನುತ್ತಿದ್ದರು. ನಾವು ಮಕ್ಕಳು ಮನೆಗೆ ಬಂದು ಅದನ್ನೇ ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅಪ್ಪ ನೆಂಟರ ಮುಂದೆ ನಮ್ಮ ಕೈಲಿ ಮಾಡಿಸಿ ತೋರಿಸುತ್ತಿದ್ದರು.

ಅವರ ಮಾರವಾಡಿಯಲ್ಲೂ ಗಂಡಿಗೊಂದು ಹೆಣ್ಣಿಗೊಂದು ಕ್ರಿಯಾಪದ ಇದೆ. ಹಾಗಾಗಿ ಅವರಿಗೆ ಆ ಭೇದವೇ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಈಗ ಅನಿಸುತ್ತದೆ, ಬಂದ ಹೊಸದರಲ್ಲಿ ಆ ಅಂಗಡಿಯಲ್ಲಿ ಅವರ ಕಿವಿಗೆ ದಿನವಿಡೀ ಬೀಳುತ್ತಿದ್ದದ್ದು ಏನು? ಸ್ಟಾಕ್ ಬಂತು. ಲಾರಿ ಬಂತು. ಬಿಲ್ ಬಂತು. ಕರೆಂಟ್ ಹೋಯ್ತು. ಬಂದ, ಬಂದಳು, ಬಂದರು, ಬಂತು ಅಂತ ನಾಲ್ಕು ರೂಪ ಇಟ್ಟುಕೊಂಡು ಒದ್ದಾಡುವ ಬದಲು ಜಾಸ್ತಿ ಕೇಳಿದ ಒಂದನ್ನು ಹಿಡಿದರು. ಯಾರು ಬಂದದ್ದು ಅಂತ ಮೊದಲೇ ಹೇಳಿರುತ್ತಿದ್ದರಲ್ಲ, ಕ್ರಿಯಾಪದದ ಬಾಲ ನೋಡಿ ತಿಳಿಯಬೇಕಾದ್ದು ಏನೂ ಇರುತ್ತಿರಲಿಲ್ಲ. ಗಿರಾಕಿಗೆ ಅರ್ಥ ಆಯಿತು, ಸೀರೆ ಮಾರಾಟ ಆಯಿತು. ತಪ್ಪಿನಿಂದ ಒಂದು ರೂಪಾಯಿಯೂ ನಷ್ಟ ಆಗಲಿಲ್ಲ.

ನನ್ನ 'ಹೊಯ್ಟೆ ಇಷ್' ಕೂಡ ಯಾವತ್ತೂ ನನಗೆ ನಷ್ಟ ಮಾಡಿಲ್ಲ. ಅದೇ ಅದರ ಗಟ್ಟಿತನ. ಒಂದು ವೇಳೆ ಆ ತಪ್ಪಿನಿಂದ ತಡ ಅನ್ನುವುದು ಬೇಗ ಅಂತ ಕೇಳಿಸಿದ್ದರೆ ಎರಡೇ ದಿನದಲ್ಲಿ ಕಲಿಯುತ್ತಿದ್ದೆ. ಎದುರಿನವರಿಗೆ ಅರ್ಥವಾಗುತ್ತದೆ, ಅವರು ಉತ್ತರ ಕೊಡುತ್ತಾರೆ. ನನ್ನ ತಲೆ ಅದನ್ನು ಸರಿ ಅಂತ ಬರೆದುಕೊಳ್ಳುತ್ತದೆ. ಹೀಗೆ ದಿನಕ್ಕೆ ಹತ್ತು ಸಲ, ಹನ್ನೊಂದು ವರ್ಷ. ನಿಯಮ ಗೊತ್ತಿದೆ ನಿಜ. ಆದರೆ ಮಾತಾಡುವಾಗ ನನ್ನ ಗಮನವೆಲ್ಲ ಏನು ಹೇಳಬೇಕು ಅನ್ನುವುದರ ಮೇಲೆ. ನಿಯಮವನ್ನು ಹುಡುಕಿ ತರುವಷ್ಟರಲ್ಲಿ ವಾಕ್ಯ ಬಸ್‌ಸ್ಟ್ಯಾಂಡ್ ದಾಟಿರುತ್ತದೆ. ಬರೆಯುವಾಗ ಟೈಮ್ ಇರುತ್ತದೆ, ಅದಕ್ಕೇ ಪರೀಕ್ಷೆಯಲ್ಲಿ ಪಾಸು.

ನಮ್ಮ ಮಾವನವರಿಗೆ ಇದನ್ನು ಫೋನಿನಲ್ಲಿ ಹೇಳಿದರೆ, "ಕಿಟ್ಟೆಲ್ ಜರ್ಮನಿಯಿಂದ ಬಂದು ನಮಗೇ ನಿಘಂಟು ಬರೆದುಕೊಟ್ಟ, ನಿಂಗೆ ಒಂದು ವಾಕ್ಯ ಆಗಲ್ವೇನಮ್ಮ" ಅಂದರು. 1894ರ ಆ ನಿಘಂಟಿಗೆ ಕೈಮುಗಿಯುತ್ತೇನೆ. ಆದರೆ ಅದು ಬರಹ. ಧಾರವಾಡದ ಸಂತೆಯಲ್ಲಿ ಕಿಟ್ಟೆಲ್ ಬದನೆಕಾಯಿ ಹೇಗೆ ಕೇಳುತ್ತಿದ್ದರು ಅನ್ನುವುದನ್ನು ಯಾರೂ ರೆಕಾರ್ಡ್ ಮಾಡಿಲ್ಲ.

ಪಳೆಯುಳಿಕೆ ಅನ್ನುವ ಮಾತಿನ ಬಗ್ಗೆ ತಕರಾರೂ ಇದೆ. ಕಲ್ಲಾಗಿದೆ ಅಂತ ಹೇಳಬೇಕಾದರೆ ಮುಂದೆಂದೂ ಬದಲಾಗಲ್ಲ ಅಂತ ಗೊತ್ತಿರಬೇಕು. ಅದು ಇವತ್ತೇ ಹೇಗೆ ಗೊತ್ತಾಗುತ್ತೆ? ಅದಕ್ಕೇ ಕೆಲವು ಸಂಶೋಧಕರು ನಿಂತಿದೆ ಅಂತ ಮಾತ್ರ ಹೇಳಿ ಅಂತಾರೆ. ನಾನು ಆ ಪಕ್ಷ, ಸ್ವಾರ್ಥಕ್ಕೆ. ಸೇಟುಗೂ 'ಅಪ್ಪ ಬಂದ್ರು ಅನ್ನಿ' ಅಂತ ಒಬ್ಬರಾದರೂ ಆಗಾಗ ಹೇಳಿದ್ದರೆ ಏನಾಗುತ್ತಿತ್ತೋ. ಕನ್ನಡ ಕಲಿಯಲ್ಲ ಅಂತ ಹೊರಗಿನವರನ್ನು ಬೈಯುತ್ತೇವೆ. ಕಲಿತವರನ್ನು ಅಣಕಿಸುತ್ತೇವೆ. ತಿದ್ದುವುದು ಮಾತ್ರ ನೆನಪಾಗುವುದಿಲ್ಲ.

ಮಗಳಿಗೆ ನೆನಪಾಯಿತು. ಜರ್ಮನ್ ಅವಳಿಗೆ ಮೂರು ವರ್ಷಕ್ಕೆ ಕಿಂಡರ್‌ಗಾರ್ಟನ್‌ನಲ್ಲಿ ಅಂಟಿದ ಭಾಷೆ. ಎರಡನೇ ಸೀಟಿನ ವಿಷಯ ಅವಳಿಗೆ ನಿಯಮ ಅಂತಲೇ ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆ ಗೊತ್ತಾದದ್ದು. ಈಗ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ನಾನು ಮಾತಾಡುವಾಗ 'ಇವತ್ತು' ಅಂತ ಶುರುಮಾಡಿದ ತಕ್ಷಣ ಅವಳು ಎರಡು ಬೆರಳು ಎತ್ತಬೇಕು. ಅಂದರೆ ಎರಡನೇ ಸೀಟು, ಅಮ್ಮ.

ಶನಿವಾರ ಬೇಕರಿಗೆ ಹೋದೆವು. ಸಾಲಿನಲ್ಲಿ ನಮ್ಮ ಸರದಿ ಬಂತು. "ಹೊಯ್ಟೆ..." ಅಂದೆ. ಪಕ್ಕದಲ್ಲಿ ಎರಡು ಬೆರಳು ಮೇಲೆ ಹೋಯಿತು. ನಿಂತೆ. ಯೋಚಿಸಿದೆ. "ಹೊಯ್ಟೆ ಮ್ಯೋಷ್ಟೆ ಇಷ್ ಐನ್ ಬ್ರೋಟ್." ಇವತ್ತು ನನಗೆ ಒಂದು ಬ್ರೆಡ್ ಬೇಕು. ಕ್ರಿಯಾಪದ ಎರಡನೇ ಸೀಟಿನಲ್ಲಿ ಮಹಾರಾಜನ ಹಾಗೆ ಕೂತಿತ್ತು.

ಅಂಗಡಿಯಾಕೆ ನನ್ನನ್ನು ನೋಡಿದಳು, ಮಗಳ ಬೆರಳು ನೋಡಿದಳು, ಎರಡು ಬ್ರೆಡ್ ಕಟ್ಟಿಕೊಟ್ಟಳು.