ಜಗಲಿಯ ಮಾಡಿನ ಹಂಚು ಮಾತ್ರ ಯಾಕೆ ಹಾರಿತು

ಮಳೆಗಾಲದ ಮುಂಚಿನ ಗಾಳಿ ಬೀಸಿದ ಮರುದಿನ ಕುಂದಾಪುರದ ಕಡಲ ಬದಿಯ ಒಂದು ಮನೆಗೆ ಕೆಲಸಕ್ಕೆ ಹೋಗಿದ್ದೆವು. ದೊಡ್ಡ ಮಾಡಿನ ಹಂಚು ಕದಲಿರಲಿಲ್ಲ. ಎದುರಿನ ಜಗಲಿಗೆ ಇಳಿಸಿದ ಮಾಡಿನಲ್ಲಿ ಸೂರಿನ ಎರಡು ಸಾಲು ಮತ್ತು ಒಂದು ಬದಿಯ ಅಂಚು ಎದ್ದುಹೋಗಿದ್ದವು. ಕೊಂಬೆ ಬಿದ್ದು ಒಡೆದಿದ್ದರೆ ಚೂರುಗಳು ನೇರ ಕೆಳಗೆ ಸಿಗುತ್ತವೆ. ಇಲ್ಲಿ ಹಂಚುಗಳು ಅಂಗಳದ ನಡುವೆ ಬಿದ್ದಿದ್ದವು. ಮಾಡಿನ ಮೇಲೆ ಉಳಿದ ಹಂಚುಗಳು ಎದ್ದು ಬಡಿದು ಕೆಳತುದಿಯ ಮೂಗು ಒಡೆದುಕೊಂಡಿದ್ದವು. ಇದು ಗಾಳಿ ಕೆಳಗಿನಿಂದ ಎತ್ತಿದ ಗುರುತು.

ಮಂಗಳೂರು ಹಂಚು ಒಂದಕ್ಕೆ ಸುಮಾರು ಎರಡೂವರೆ ಕಿಲೋ. ಒಂದು ಚದರ ಮೀಟರಿಗೆ 15 ಹಂಚು ಬೇಕು, ಅಂದರೆ 37 ಕಿಲೋ ಭಾರ. ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿಯ ಒತ್ತಡವೂ ಚದರ ಮೀಟರಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಾಡಿನ ನಡುಭಾಗದಲ್ಲಿ ಅದರ ಒಂದು ಪಾಲು ಮಾತ್ರ ಮೇಲಕ್ಕೆ ಹೀರುತ್ತದೆ, ಹಂಚಿನ ಸಂದುಗಳಲ್ಲಿ ಗಾಳಿ ನುಸುಳುವುದರಿಂದ ಆ ಹೀರುವಿಕೆಯೂ ತಗ್ಗುತ್ತದೆ. ಹಾಗಾಗಿ ಅಲ್ಲಿ ಹಂಚು ತನ್ನ ಭಾರಕ್ಕೇ ನಿಲ್ಲುತ್ತದೆ. ಸೂರು, ನೆತ್ತಿ, ಬದಿಯ ಅಂಚುಗಳಲ್ಲಿ ಹೀರುವಿಕೆ ಹೆಚ್ಚು. ಮೂರು ಕಡೆ ತೆರೆದ ಜಗಲಿಗೆ ಇನ್ನೊಂದು ಕಷ್ಟವಿದೆ: ಒಳನುಗ್ಗಿದ ಗಾಳಿ ಮನೆಯ ಗೋಡೆಗೆ ಹೊಡೆದು, ಹೋಗಲು ದಾರಿಯಿಲ್ಲದೆ ಹಂಚನ್ನು ಅಡಿಯಿಂದ ದೂಡುತ್ತದೆ. ಮೇಲಿನ ಎಳೆತ, ಕೆಳಗಿನ ದೂಡುವಿಕೆ ಎರಡೂ ಸೇರಿದರೆ ಬರಿಯ ಭಾರ ಸಾಲದು.

ಇಳಿಜಾರಿನಲ್ಲೂ ತಪ್ಪಿತ್ತು. ದೊಡ್ಡ ಮಾಡು 30 ಡಿಗ್ರಿಯದು. ಕರಾವಳಿಯ ಮಳೆಗೆ ಅದು ಸರಿ. ಜಗಲಿಯ ಮಾಡನ್ನು ಹೊರುವ ಇಳಿಜಾರು ಮರಗಳನ್ನು, ಅಂದರೆ ಪಕ್ಕಾಸುಗಳನ್ನು, ದೊಡ್ಡ ಮಾಡಿನ ಸೂರಿನ ಅಡಿಗೆ ತೂರಿಸಿ, ಗೋಡೆಗೆ ಒಂಬತ್ತೂಕಾಲು ಅಡಿ ಎತ್ತರದಲ್ಲಿ ಕೂರಿಸಿದ್ದರು. ತಲೆ ತಾಗಬಾರದೆಂದು ಸೂರನ್ನು ಆರೂಮುಕ್ಕಾಲು ಅಡಿಯಲ್ಲಿ ನಿಲ್ಲಿಸಿದ್ದರು. 8 ಅಡಿ ಅಗಲಕ್ಕೆ ಎರಡೂವರೆ ಅಡಿ ಇಳಿತವೆಂದರೆ 17 ಡಿಗ್ರಿ. ಇಷ್ಟು ಚಪ್ಪಟೆಯಾದರೆ ನೀರು ನಿಧಾನವಾಗಿ ಹರಿಯುತ್ತದೆ, ಗಾಳಿ ಅದನ್ನು ಹಂಚಿನ ಜೋಡಣೆಯೊಳಗೆ ಹಿಂದಕ್ಕೆ ದೂಡುತ್ತದೆ. ಪಕ್ಕಾಸಿನ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ರೀಪುಗಳ ಮೇಲಿನ ಕಪ್ಪು ಕಲೆಗಳು, ಮೊಳೆಯ ಸುತ್ತ ಮೆತ್ತಗಾದ ಮರ ಅದನ್ನೇ ಹೇಳುತ್ತಿದ್ದವು. ಸೋರಿಕೆಯಿಂದ ಸಡಿಲಾದ ರೀಪು ಗಾಳಿಗೆ ಅರ್ಧ ದಾರಿ ಮಾಡಿಕೊಟ್ಟಿತ್ತು.

ಸೂರನ್ನು ಇನ್ನೂ ತಗ್ಗಿಸುವಂತಿರಲಿಲ್ಲ. ಮನೆಯವರಿಗೆ ಜಗಲಿಯ ಅಗಲವೂ ಬೇಕಿತ್ತು. ಉಳಿದ ದಾರಿ ಮೇಲಿನ ತುದಿಯನ್ನು ಎತ್ತುವುದು. ದೊಡ್ಡ ಮಾಡಿನ ಸೂರನ್ನು ಆ ಬದಿಯಲ್ಲಿ ಹಿಂದಕ್ಕೆ ಕೊಯ್ದು, ಜಗಲಿಯ ಪಕ್ಕಾಸುಗಳನ್ನು ಗೋಡೆಯ ನೆತ್ತಿಯ ತೊಲೆಯಿಂದಲೇ, ಹತ್ತೂವರೆ ಅಡಿಯಿಂದ ಇಳಿಸಿದೆವು. ಈಗ 8 ಅಡಿಗೆ ಮೂರೂಮುಕ್ಕಾಲು ಅಡಿ ಇಳಿತ, ಅಂದರೆ 25 ಡಿಗ್ರಿ. ದೊಡ್ಡ ಮಾಡಿನ ನೀರೂ ಇದರ ಮೇಲೆಯೇ ಬೀಳುವುದರಿಂದ ಇದಕ್ಕಿಂತ ಚಪ್ಪಟೆಗೆ ನಾನು ಒಪ್ಪುವುದಿಲ್ಲ. ಎರಡು ಮಾಡು ಸೇರುವಲ್ಲಿ ಹಂಚಿನ ಕೆಳಗೆ ಒಂದಡಿ ಅಗಲದ ತಗಡು ಕೊಟ್ಟೆವು.

ರೀಪಿನ ಅಂತರವನ್ನು ಬಾಯಿಲೆಕ್ಕದಲ್ಲಿ ಹಾಕಬಾರದು. ಸಾಮಾನ್ಯವಾಗಿ ಅದು ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ, ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಹತ್ತಾರು ಹಂಚುಗಳನ್ನು ನೆಲದ ಮೇಲೆ ಜೋಡಿಸಿ, ಒಮ್ಮೆ ಒತ್ತಿ, ಒಮ್ಮೆ ಎಳೆದು ಅಳೆದು, ನಡುವಿನ ಅಳತೆ ಹಿಡಿಯಬೇಕು. ಅಂತರ ಹೆಚ್ಚಾದರೆ ಹಂಚಿನ ಮೇಲುತುದಿ ಮುಚ್ಚದು, ಕಡಿಮೆಯಾದರೆ ಮೂಗು ಎದ್ದು ನಿಂತು ಗಾಳಿಗೆ ಹಿಡಿ ಸಿಗುತ್ತದೆ. ಸೂರಿನ ಮೊದಲ ರೀಪನ್ನು ಹಂಚಿನ ದಪ್ಪದಷ್ಟು ಎತ್ತರಿಸಬೇಕು, ಏಕೆಂದರೆ ಆ ಸಾಲಿಗೆ ಅಡಿಯಲ್ಲಿ ಆನಿಕೊಳ್ಳಲು ಇನ್ನೊಂದು ಹಂಚಿಲ್ಲ.

ಕಟ್ಟುವುದಕ್ಕೆ ಹಂಚಿನ ಬೆನ್ನಿನ ಗುಬುಟಿನಲ್ಲಿ ತೂತು ಇರುತ್ತದೆ. ಇಲ್ಲದಿದ್ದರೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಮೆಲ್ಲಗೆ ಕೊರೆಯಬೇಕು. ಕಬ್ಬಿಣ ಕಟ್ಟುವ ಕಪ್ಪು ತಂತಿ ಕಡಲ ಗಾಳಿಗೆ ಬೇಗ ತುಕ್ಕು ತಿನ್ನುತ್ತದೆ. ತಾಮ್ರ ಅಥವಾ ಸ್ಟೇನ್‌ಲೆಸ್ ತಂತಿಯೇ ಬೇಕು. ತೂತಿನಿಂದ ಇಳಿಸಿ ರೀಪಿಗೆ ಸುತ್ತಿ ತಿರುಚಿ, ಹಂಚು ಕೂದಲೆಳೆಯಷ್ಟು ಅಲುಗುವಂತೆ ಬಿಡಬೇಕು. ಬಿಗಿ ಮಾಡಿದರೆ ಗುಬುಟೇ ಮುರಿಯುತ್ತದೆ. ಜಗಲಿಯ ಹಂಚನ್ನೆಲ್ಲ ಕಟ್ಟಿದೆವು. ದೊಡ್ಡ ಮಾಡಿನಲ್ಲಿ ಸೂರಿನ ಎರಡು ಸಾಲು, ಬದಿಯ ಅಂಚುಗಳು, ನೆತ್ತಿಯ ಪಕ್ಕದ ಸಾಲು ಇಷ್ಟಕ್ಕೆ ಮಾತ್ರ. ಮುಚ್ಚಿಗೆ ಇಲ್ಲದ್ದರಿಂದ ಹಂಚು ಒಡೆದರೆ ಕೆಳಗಿನಿಂದಲೇ ತಂತಿ ಬಿಚ್ಚಿ ಬದಲಿಸಬಹುದು.

ಹಂಚನ್ನು ಕಟ್ಟಿದ ಮೇಲೆ ಗಾಳಿಯ ಎಳೆತ ಎಲ್ಲೂ ಹೋಗುವುದಿಲ್ಲ, ರೀಪಿಗೆ ದಾಟುತ್ತದೆ. ಒಂದಿಂಚು ದಪ್ಪದ ರೀಪಿಗೆ ಎರಡೂವರೆ ಇಂಚಿನ ಮೊಳೆ ಹೊಡೆದರೆ ಒಂದೂವರೆ ಇಂಚು ಪಕ್ಕಾಸಿನೊಳಗೆ ಹೋಗುತ್ತದೆ. ಸೂರಿನ ಎರಡು ರೀಪುಗಳಿಗೆ ಮೊಳೆಯ ಬದಲು ಸ್ಕ್ರೂ ಹಾಕಿದೆವು. ಪಕ್ಕಾಸನ್ನು ತೊಲೆಗೆ ಲೋಹದ ಪಟ್ಟಿಯಿಂದ ಹಿಡಿಸಬೇಕು. ಆ ಜಗಲಿಯ ಎದುರಿನ ತೊಲೆ ಮಾತ್ರ ಕಂಬಗಳ ಮೇಲೆ ಬರಿದೇ ಕೂತಿತ್ತು. ಹಗುರ ಮಾಡಾದ್ದರಿಂದ, ಹಂಚು ಗಟ್ಟಿಯಾಗಿ ನಿಂತರೆ ಮುಂದಿನ ಗಾಳಿಗೆ ತೊಲೆಯೇ ಎದ್ದೀತು. ಹಾಗಾಗಿ ಹಂಚು ಏರಿಸುವ ಮೊದಲೇ ಪ್ರತಿ ಕಂಬದ ತಲೆಗೆ ಬೋಲ್ಟ್ ಇಳಿಸಿ, ಕಾಂಕ್ರೀಟ್ ತುಂಬಿ, ತೊಲೆಯನ್ನು ನಟ್ಟಿನಿಂದ ಬಿಗಿದೆವು.